ಒಂದು ‘ರಿ’ಯ ಅಂತರ



ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಮೊಮ್ಮಗ ಬೆಂಗಳೂರಿನಿಂದ ಧಾರವಾಡಕ್ಕೆ ಬಂದಿದ್ದ. ವಯಸ್ಸು ಒಂಬತ್ತು. ಒಂದು ಭಾನುವಾರ ಆರಾಧನೆ ಮುಗಿದು ನಾವೆಲ್ಲ ಅಂಗಳದಲ್ಲಿ ಕುಶಲ ವಿಚಾರಿಸುತ್ತ ನಿಂತಿದ್ದಾಗ, ಅವನು ಗೇಟಿನ ಬಳಿ ಸ್ಟೂಲಿನ ಮೇಲೆ ಕುಳಿತಿದ್ದ ನಮ್ಮ ದೇವಾಲಯದ ಕಾವಲುಗಾರರ ಹತ್ತಿರ ಓಡಿಹೋಗಿ, “ನೀನು ರಾತ್ರಿ ಇಲ್ಲೇ ಮಲಗ್ತೀಯಾ? ನಿನಗೆ ಭಯ ಆಗಲ್ವಾ?” ಎಂದು ಕೇಳಿದ. ಆ ಕಾವಲುಗಾರರಿಗೆ ಎಪ್ಪತ್ತು ದಾಟಿದೆ. ಅವರು ನಕ್ಕು, “ಇಲ್ರೀ ಸಣ್ಣ ಸಾಹೇಬ್ರ, ನನಗ್ಯಾಕ್ರಿ ಅಂಜಿಕಿ?” ಎಂದರು.

ಒಂಬತ್ತು ವರ್ಷದ ಬಾಲಕನಿಗೆ ‘ರಿ’ ಸಂದಿತು. ಎಪ್ಪತ್ತು ದಾಟಿದ ಹಿರಿಯರಿಗೆ ‘ನೀನು’ ಸಂದಿತು. ನನಗೆ ನಾಚಿಕೆಯಾಯಿತು. ಹುಡುಗನನ್ನು ಪಕ್ಕಕ್ಕೆ ಕರೆದು, “ದೊಡ್ಡವರಿಗೆ ನೀನು ಅನ್ನಬಾರದು, ನೀವು ಅನ್ನಬೇಕು” ಎಂದು ಹೇಳಿದೆ. ಅವನು ನನ್ನ ಮುಖವನ್ನೇ ನೋಡಿ, “ಅಜ್ಜಾ, ನೀವೂ ಅವನಿಗೆ ‘ಗೇಟ್ ತಗಿಯೋ’ ಅಂತೀರಲ್ಲ?” ಎಂದ.

ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನನ್ನಲ್ಲಿ ಆ ಕ್ಷಣದಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ನನ್ನ ಮನಸ್ಸಿನಲ್ಲಿ ನಡೆದ ವಿಚಾರವನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ನಾನು ಹುಟ್ಟಿದ್ದು ಈ ಸೀಮೆಯಲ್ಲಲ್ಲ. 1965ರಲ್ಲಿ, ನನಗೆ ಹತ್ತು ವರ್ಷವಾಗಿದ್ದಾಗ, ರೈಲ್ವೆಯಲ್ಲಿದ್ದ ತಂದೆಯವರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ನಾವು ಮೈಸೂರು ಕಡೆಯಿಂದ ಬಂದವರು. ಮನೆಯ ಹತ್ತಿರದ ಕಿರಾಣಿ ಅಂಗಡಿಗೆ ತಾಯಿಯವರ ಜೊತೆ ನಾನೂ ಹೋಗುತ್ತಿದ್ದೆ. ಅಂಗಡಿಯವರು, “ಏನ್ ಬೇಕ್ರಿ ಅಕ್ಕಾರ? ಸಕ್ರಿ ಕೊಡ್ಲೇನ್ರಿ?” ಎಂದು ಕೇಳಿದರೆ ತಾಯಿಯವರು “ಹೌದು” ಎನ್ನುತ್ತಿದ್ದರು. “ಅರ್ಧಾ ಕಿಲೋ ಸಾಕೇನ್ರಿ?” “ಸಾಕು.” “ಬೆಲ್ಲ ಬ್ಯಾಡೇನ್ರಿ?” “ಬೇಡ.” ನನ್ನ ತಾಯಿ ಅತ್ಯಂತ ಮೃದುವಾದ ಮಾತಿನವರು. ಮೈಸೂರಿನಲ್ಲಿ ಅಂಥ ಉತ್ತರದಲ್ಲಿ ಯಾವ ದೋಷವೂ ಇರಲಿಲ್ಲ. ಅಲ್ಲಿ ಮರ್ಯಾದೆಯು ದನಿಯಲ್ಲಿರುತ್ತಿತ್ತು, ಮುಖದ ಮೇಲಿನ ನಗೆಯಲ್ಲಿರುತ್ತಿತ್ತು. ಆದರೆ ಎರಡು ತಿಂಗಳಾದ ಮೇಲೆ ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರು ಸಂಕೋಚದಿಂದಲೇ, “ಅಕ್ಕಾರ, ಅಂಗಡಿಯವರ ಮ್ಯಾಲೆ ಯಾಕ್ರಿ ಸಿಟ್ಟು? ಪಾಪ, ಅವರು ಕೇಳಾಕತ್ತಾರ” ಎಂದರು. ತಾಯಿಯವರು ಬೆಚ್ಚಿದರು. ಅವರು ಯಾರ ಮೇಲೂ ಸಿಟ್ಟಾಗಿರಲಿಲ್ಲ. ‘ಹೌದ್ರಿ’, ‘ಸಾಕ್ರಿ’, ‘ಬ್ಯಾಡ್ರಿ’ ಎಂದಿರಲಿಲ್ಲ, ಅಷ್ಟೇ.

ಈ ‘ರಿ’ ಎಂಬುದು ಏನು? ವ್ಯಾಕರಣದ ದೃಷ್ಟಿಯಿಂದ ಇದು ಹೊಸದೇನಲ್ಲ. ‘ನೀವು ಮಾಡುತ್ತೀರಿ’, ‘ನೀವು ಮಾಡಿರಿ’ ಎನ್ನುವಾಗ ಕ್ರಿಯಾಪದದ ಕೊನೆಯಲ್ಲಿ ಬರುವ ಮಧ್ಯಮಪುರುಷ ಬಹುವಚನದ ಪ್ರತ್ಯಯವೇ ಅದು. ಕೇಳುವವರು ವಾಕ್ಯದ ಕರ್ತೃವಾಗಿದ್ದಾಗ ಅದು ಎಲ್ಲ ಕನ್ನಡದಲ್ಲಿಯೂ ಬರುತ್ತದೆ. ಮೈಸೂರು ಕಡೆಯಲ್ಲಿಯೂ ‘ಏನ್ರೀ’, ‘ಹೌದ್ರೀ’ ಎಂಬ ಮಾತುಗಳು ಇಲ್ಲದಿಲ್ಲ. ಹುಬ್ಬಳ್ಳಿ-ಧಾರವಾಡದ ವಿಶೇಷವೆಂದರೆ, ಇಲ್ಲಿ ಆ ‘ರಿ’ ತನ್ನ ಮೂಲಸ್ಥಾನವನ್ನು ಬಿಟ್ಟು ಹೊರಟು, ಯಾವ ಮಾತಿನ ಬಾಲಕ್ಕಾದರೂ ಹತ್ತಿಕೊಳ್ಳುತ್ತದೆ, ಮತ್ತು ಹತ್ತಿಕೊಳ್ಳಲೇಬೇಕಾಗುತ್ತದೆ. ‘ಮಳಿ ಬಂತ್ರಿ’ ಎನ್ನುತ್ತೇವೆ. ಬಂದದ್ದು ಮಳೆ, ಕೇಳುವವರಿಗೂ ಆ ಕ್ರಿಯೆಗೂ ಸಂಬಂಧವಿಲ್ಲ. ಆದರೂ ‘ನಿಮಗೆ ಹೇಳುತ್ತಿದ್ದೇನೆ, ಗೌರವದಿಂದ ಹೇಳುತ್ತಿದ್ದೇನೆ’ ಎಂಬುದನ್ನು ಆ ಒಂದು ಅಕ್ಷರ ಸೇರಿಸಿಕೊಡುತ್ತದೆ. ‘ನಾನ್ರಿ’, ‘ಯಾರ್ರಿ?’, ‘ಹತ್ತು ರೂಪಾಯಿ ರೀ’, ‘ಅಲ್ರಿ’, ಹೀಗೆ ನಾಮಪದಕ್ಕೂ, ಪ್ರಶ್ನೆಗೂ, ಬೆಲೆಗೂ, ನಿರಾಕರಣೆಗೂ ಅದು ಹತ್ತುತ್ತದೆ.

ಇದರಿಂದಾಗುವ ಒಂದು ಸೂಕ್ಷ್ಮವನ್ನು ಗಮನಿಸಿರಿ. ಒಬ್ಬರು ನಿಮಗೆ, “ಅಂವ ಹೋದನ್ರಿ” ಎಂದು ಹೇಳಿದರೆ ಆ ಪುಟ್ಟ ವಾಕ್ಯದಲ್ಲಿ ಎರಡು ಮರ್ಯಾದೆಗಳು ಅಳೆಯಲ್ಪಟ್ಟಿವೆ. ‘ಹೋದನ್’ ಎಂಬಲ್ಲಿ, ಎದುರಿಗಿಲ್ಲದ ಆ ಮನುಷ್ಯನಿಗೆ ಏಕವಚನ. ‘ರಿ’ ಎಂಬಲ್ಲಿ, ಎದುರಿಗಿರುವ ನಿಮಗೆ ಬಹುವಚನ. “ಅವರು ಹೋದ್ರು” ಎಂದು ಗೆಳೆಯನಿಗೆ ಹೇಳಿದರೆ ಹೋದವರಿಗೆ ಗೌರವ, ಕೇಳುವವನೊಡನೆ ಸಲಿಗೆ. “ಅವರು ಹೋದ್ರು ರೀ” ಎಂದರೆ ಇಬ್ಬರಿಗೂ ಗೌರವ. ಹೀಗಾಗಿ ನಮ್ಮ ಸೀಮೆಯ ಮಾತಿನಲ್ಲಿ ತಟಸ್ಥನಾಗಿ ಉಳಿಯಲು ಬಹಳ ಕಷ್ಟ. ಮಳೆಯ ಬಗ್ಗೆ ಮಾತಾಡಿದರೂ, ಸಕ್ಕರೆಯ ಬಗ್ಗೆ ಮಾತಾಡಿದರೂ, ಎದುರಿನವರನ್ನು ನಾವು ಎಲ್ಲಿ ಕೂರಿಸಿದ್ದೇವೆಂಬುದು ಪ್ರತಿ ವಾಕ್ಯದ ಕೊನೆಯಲ್ಲಿ ಬಯಲಾಗುತ್ತದೆ. ‘ರಿ’ ಹಚ್ಚದಿದ್ದರೆ ಅದೂ ಒಂದು ಮಾತೇ ಆಗುತ್ತದೆ. ನನ್ನ ತಾಯಿಯ ‘ಹೌದು’ ಎಂಬ ಸಾಧು ಉತ್ತರವು ಅಂಗಡಿಯವರ ಕಿವಿಗೆ ಬಾಗಿಲು ಮುಚ್ಚಿದಂತೆ ಕೇಳಿಸಿದ್ದು ಈ ಕಾರಣದಿಂದ.

ಶಾಲೆಯಲ್ಲಿ ನನಗಾದ ಅನುಭವ ಇದಕ್ಕೆ ವಿರುದ್ಧವಾದದ್ದು. ಮೊದಲ ದಿನವೇ ಪಕ್ಕದ ಹುಡುಗ, “ಏನಲೇ, ನಿಮ್ಮೂರು ಯಾವುದಲೇ?” ಎಂದ. ‘ಲೇ’ ಎಂಬ ಪದವನ್ನು ನಾನು ಜಗಳದಲ್ಲಿ ಮಾತ್ರ ಕೇಳಿದ್ದವನು. ಅಳುತ್ತ ಮಾಸ್ತರರ ಬಳಿಗೆ ಹೋದೆ. ಅವರು ನಕ್ಕು ಹೇಳಿದ ಮಾತು ಇಂದಿಗೂ ನೆನಪಿದೆ: “ಅಂವ ನಿನಗ ‘ಲೇ’ ಅನ್ನೂತನಕಾ ನೀನು ಅವನ ಗೆಳ್ಯಾ. ಅಂವ ನಿನಗ ‘ರಿ’ ಅಂದ ದಿನಾ ನನ್ನ ಕಡೆ ಬಾ.”

ಆ ಮಾಸ್ತರರು ಒಂದೇ ಮಾತಿನಲ್ಲಿ ಹೇಳಿದ್ದನ್ನು ಬಿಡಿಸಿ ನೋಡೋಣ. ‘ಬಾ’ ಎಂಬ ಒಂದೇ ಕ್ರಿಯಾಪದವನ್ನು ತೆಗೆದುಕೊಳ್ಳಿರಿ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ‘ಬಾರ್ಲೇ’, ‘ಬಾರೋ’ ಇವೆ. ಹೆಣ್ಣುಮಕ್ಕಳಿಗಾದರೆ ‘ಬಾರೇ’. ಅದರ ಮೇಲೆ ಬರಿಯ ‘ಬಾ’. ಅದರ ಮೇಲೆ ‘ಬಾರಪಾ’, ‘ಬಾರವಾ’: ವಚನ ಏಕವಚನವೇ, ಆದರೆ ಅದಕ್ಕೆ ಅಪ್ಪ, ಅವ್ವ ಎಂಬ ಬಂಧುವಾಚಕಗಳು ಸೇರಿ ಮಾತು ಮೆತ್ತಗಾಗಿದೆ. ಹೆತ್ತ ತಾಯಿಯು ತನ್ನ ಮೂರು ವರ್ಷದ ಮಗನನ್ನು ‘ಯಪ್ಪಾ’ ಎಂದೂ ಮಗಳನ್ನು ‘ಯವ್ವಾ’ ಎಂದೂ ಕರೆಯುವುದು ಈ ಮೆಟ್ಟಿಲಿನ ಸೌಂದರ್ಯ. ಅದರ ಮೇಲೆ ‘ಬರ್ರಿ’. ಅದಕ್ಕೂ ಮೇಲೆ ‘ಬರಬೇಕ್ರಿ’. ಇಲ್ಲಿ ಆಜ್ಞಾರ್ಥವೇ ಮಾಯವಾಗಿದೆ. ‘ಬನ್ನಿರಿ’ ಎಂದು ಹೇಳುವ ಧೈರ್ಯವೂ ನಮಗಿಲ್ಲ, ಬರುವ ಅಗತ್ಯವಿದೆ ಎಂದಷ್ಟೇ ಅರಿಕೆ ಮಾಡುತ್ತೇವೆ. ತುತ್ತತುದಿಯಲ್ಲಿ ‘ತಾವು ಬರಬೇಕು’. ‘ತಾವು’ ಎಂಬುದು ಮೂಲದಲ್ಲಿ ‘ನೀವು’ ಎಂಬ ಅರ್ಥದ ಪದವೇ ಅಲ್ಲ. ‘ಅವರು ತಾವೇ ಬಂದರು’ ಎನ್ನುವಾಗಿನ ಆತ್ಮಾರ್ಥಕ ಸರ್ವನಾಮ ಅದು. ಹಿಂದಿಯ ‘ಆಪ್’, ಮರಾಠಿಯ ‘ಆಪಣ್’ ಪದಗಳೂ ಇಂಥ ಮೂಲದಿಂದಲೇ ಬಂದವು. ದೊಡ್ಡವರ ಕಡೆ ನೇರವಾಗಿ ಬೆರಳು ತೋರಿಸಲು ಅಂಜಿ, ನಾವು ಮಾತನ್ನು ಬಳಸಿಕೊಂಡು ಹೋಗುತ್ತೇವೆ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಕೆಳಗಿನ ಮೆಟ್ಟಿಲು ಅಂದರೆ ಅವಮಾನ, ಮೇಲಿನ ಮೆಟ್ಟಿಲು ಅಂದರೆ ಗೌರವ ಎಂದು ಲೆಕ್ಕ ಹಾಕಿದರೆ ನಾವು ತಪ್ಪುತ್ತೇವೆ. ನಮ್ಮ ಎಷ್ಟೋ ಮನೆಗಳಲ್ಲಿ ಅವ್ವನಿಗೆ ‘ನೀ’ ಎನ್ನುತ್ತೇವೆ. ಅವ್ವನಿಗಿಂತ ಹೆಚ್ಚು ಗೌರವಕ್ಕೆ ಪಾತ್ರರಾದವರು ಯಾರು? ಅದೇ ರೀತಿ, ಬಹುವಚನವು ಯಾವಾಗಲೂ ಆದರವಲ್ಲ. ದಿನವೂ ‘ನೀ’ ಎನ್ನುವ ಗೆಳೆಯ ಒಂದು ದಿನ, “ಆಗಲಿ ಬಿಡ್ರಿ, ನೀವು ದೊಡ್ಡ ಮಂದಿ” ಎಂದರೆ ಆ ‘ರಿ’ ಚಾಕುವಿನಂತೆ ಇರಿಯುತ್ತದೆ. ದಂಪತಿಗಳ ಜಗಳದಲ್ಲಿಯೂ ಅಷ್ಟೆ. ದನಿ ಏರಿದಾಗಲ್ಲ, ಮಾತು ಇದ್ದಕ್ಕಿದ್ದಂತೆ ಬಹುವಚನಕ್ಕೆ ತಿರುಗಿದಾಗ ಮನೆಯವರು ಗಾಬರಿಯಾಗುತ್ತಾರೆ.

ಹಾಗಾದರೆ ಸಲಿಗೆಯ ಏಕವಚನವನ್ನೂ ತಿರಸ್ಕಾರದ ಏಕವಚನವನ್ನೂ ಬೇರ್ಪಡಿಸುವುದು ಹೇಗೆ? ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ವಿದ್ವಾಂಸರು 1960ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಯುರೋಪಿನ ಭಾಷೆಗಳನ್ನು ಪರಿಶೀಲಿಸಿ, ಇಂಥ ಸರ್ವನಾಮಗಳ ಹಿಂದೆ ಎರಡು ಶಕ್ತಿಗಳಿವೆ ಎಂದು ತೋರಿಸಿದರು. ಒಂದು ಅಧಿಕಾರ, ಇನ್ನೊಂದು ಸಾಮೀಪ್ಯ. ಅವರು ಕೊಟ್ಟ ಗುರುತು ಸರಳವಾದದ್ದು, ನಮ್ಮ ಓಣಿಗೂ ಹೊಂದುವಂಥದ್ದು: ಆಡಿದ ಪದವನ್ನಷ್ಟೇ ನೋಡಬೇಡಿ, ತಿರುಗಿ ಬಂದ ಪದವನ್ನೂ ನೋಡಿರಿ. ನಾನು ‘ಲೇ’ ಎಂದಾಗ ಅವನೂ ‘ಲೇ’ ಎನ್ನಬಲ್ಲನಾದರೆ ಅದು ಗೆಳೆತನ. ನಾನು ‘ರಿ’ ಎಂದಾಗ ಅವರೂ ‘ರಿ’ ಎಂದರೆ ಅದು ಪರಸ್ಪರ ಗೌರವ. ನಾನು ‘ತಗಿಯೋ’ ಎನ್ನುತ್ತಿದ್ದು, ಅವರು ‘ಆತ್ರಿ ಸರ್ರ’ ಎನ್ನುತ್ತಲೇ ಇದ್ದರೆ, ಅಲ್ಲಿ ನಡೆಯುತ್ತಿರುವುದು ಅಧಿಕಾರ. ಮುಖದ ಮೇಲೆ ಎಷ್ಟು ನಗೆಯಿದ್ದರೂ ಅಷ್ಟೇ.

ಈ ಗುರುತನ್ನು ಇಟ್ಟುಕೊಂಡು ನಾನು ಒಂದು ವಾರ ನನ್ನ ಮಾತನ್ನು ನಾನೇ ಕೇಳಿಕೊಂಡೆ. ಬ್ಯಾಂಕಿನ ಕಿಟಕಿಯಲ್ಲಿದ್ದ, ನನ್ನ ಮಗಳ ವಯಸ್ಸಿನ ಹೆಣ್ಣುಮಗಳಿಗೆ ‘ಮೇಡಂ, ನೋಡ್ರಿ’ ಎಂದೆ. ಅದೇ ದಿನ ಬೀದಿ ಗುಡಿಸುತ್ತಿದ್ದ, ನನ್ನ ವಯಸ್ಸಿನ ಹೆಣ್ಣುಮಗಳಿಗೆ ‘ಇಲ್ಲಿ ಸ್ವಲ್ಪ ಗುಡಿಸವಾ’ ಎಂದೆ. ಆಸ್ಪತ್ರೆಯ ತರುಣ ವೈದ್ಯರಿಗೆ ‘ರಿ’. ಅಲ್ಲಿಯ ಮುದುಕ ಜವಾನರಿಗೆ ‘ಏನಪಾ’. ನನ್ನ ‘ಪಾ’ ಮತ್ತು ‘ವಾ’ಗಳಿಂದ ನಾನು ಬಹಳ ಸೌಮ್ಯ ಮನುಷ್ಯನೆಂದು ನನಗೆ ನಾನೇ ನಂಬಿಸಿಕೊಂಡಿದ್ದೆ. ಆದರೆ ಅವರಲ್ಲಿ ಒಬ್ಬರೂ ನನಗೆ ತಿರುಗಿ ‘ಪಾ’ ಎನ್ನುವಂತಿರಲಿಲ್ಲ. ನಾನು ವಯಸ್ಸನ್ನು ನೋಡಿ ಮರ್ಯಾದೆ ಕೊಡುತ್ತೇನೆಂದುಕೊಂಡಿದ್ದೆ; ವಾಸ್ತವದಲ್ಲಿ ಉಟ್ಟ ಬಟ್ಟೆಯನ್ನೂ ಹಿಡಿದ ಕೆಲಸವನ್ನೂ ನೋಡಿ ಕೊಡುತ್ತಿದ್ದೆ. ನಮ್ಮ ನಾಡಿನಲ್ಲಿ ಈ ಲೆಕ್ಕದ ಹಿಂದೆ ಬಹುಕಾಲದಿಂದ ಜಾತಿಯೂ ಇದ್ದಿತೆಂಬುದನ್ನು ಹೇಳದೆ ಬಿಡುವುದು ಅಪ್ರಾಮಾಣಿಕತೆಯಾದೀತು. ಮುಪ್ಪಿನ ದುಡಿಮೆಗಾರನಿಗೆ ಒಡೆಯನ ಮನೆಯ ಕೂಸೂ ‘ಏನೋ’ ಎನ್ನುತ್ತಿದ್ದ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. 12ನೆಯ ಶತಮಾನದಲ್ಲಿ ಬಸವಣ್ಣನವರು ಆದರದ ಕರೆಗೂ ತಿರಸ್ಕಾರದ ಕರೆಗೂ ಇರುವ ದೂರವನ್ನು ಅಷ್ಟು ಕಟುವಾಗಿ ಎತ್ತಿ ತೋರಿಸಿದ್ದು ಬರಿಯ ಶಿಷ್ಟಾಚಾರ ಕಲಿಸುವುದಕ್ಕಲ್ಲ.

ಎಲ್ಲಿ ನಿಲ್ಲಬೇಕೆಂದು ತಿಳಿಯದಾಗ ನಾವೇನು ಮಾಡುತ್ತೇವೆ? ಅದಕ್ಕೂ ಭಾಷೆಯಲ್ಲಿ ಒಂದು ಸಂದಿ ಇದೆ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿ ನಿಲ್ದಾಣದಲ್ಲಿ, ನನಗೆ ಮೊದಲ ದಿನ ‘ಏನಲೇ’ ಎಂದಿದ್ದ ಅದೇ ಹುಡುಗ ಸಿಕ್ಕ. ಈಗ ದೊಡ್ಡ ಹುದ್ದೆಯಿಂದ ನಿವೃತ್ತನಾದವನು. ಜೊತೆಗೆ ಇಬ್ಬರು ಪರಿಚಾರಕರು. ನನ್ನ ಬಾಯಿಗೆ ‘ನೀ’ ಬರಲಿಲ್ಲ, ‘ನೀವು’ ಕೂಡ ಬರಲಿಲ್ಲ. “ಯಾವಾಗ ಬಂದದ್ದು?” ಎಂದೆ. “ಈಗs ಬಂದದ್ದು. ಎಲ್ಲಿಗೆ ಹೊಂಟದ್ದು?” ಎಂದು ಅವನೂ ಕೇಳಿದ. ‘ಬಂದಿ’ ಎಂದರೆ ಏಕವಚನ, ‘ಬಂದ್ರಿ’ ಎಂದರೆ ಬಹುವಚನ. ‘ಬಂದದ್ದು’ ಎಂದರೆ ಬಂದ ಕ್ರಿಯೆಯಷ್ಟೇ, ಬಂದವನ ವಿಚಾರವೇ ಇಲ್ಲ. ‘ಆರಾಮ?’, ‘ಚಾ ಆತು?’ ಎಂಬವೂ ಇಂಥವೇ. ಹತ್ತು ನಿಮಿಷ ನಾವಿಬ್ಬರೂ ಹೀಗೆ ಕ್ರಿಯಾನಾಮಗಳ ಮರೆಯಲ್ಲಿಯೇ ನಿಂತು ಮಾತಾಡಿದೆವು. ರೈಲು ಹೊರಟಾಗ ಅವನು ಬಾಗಿಲಲ್ಲಿ ನಿಂತು, “ಮನಿಗೆ ಬಾರ್ಲೇ ಒಮ್ಮೆ!” ಎಂದು ಕೂಗಿದ. ಪರಿಚಾರಕರು ತಿರುಗಿ ನೋಡಿದರು. ಐವತ್ತು ವರ್ಷಗಳ ದೂರ ಆ ಒಂದು ‘ಲೇ’ಯಲ್ಲಿ ಕರಗಿತು. ಆದರೆ ಗಮನಿಸಿರಿ, ಅದನ್ನು ಮೊದಲು ಆಡಬೇಕಾದವನು ಮೇಲಿದ್ದವನೇ, ನಾನು ಆಡುವಂತಿರಲಿಲ್ಲ. ಸಲಿಗೆಯ ಬಾಗಿಲಿನ ಚಿಲಕ ಒಳಗಡೆಯಿಂದ ಮಾತ್ರ ತೆಗೆಯುತ್ತದೆ.

ಈ ಪ್ರಶ್ನೆ ನಮ್ಮ ಪ್ರಾರ್ಥನೆಯನ್ನೂ ಮುಟ್ಟುತ್ತದೆ. ದೇವರಿಗೆ ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ? ಮೂಲ ಭಾಷೆಗಳಾದ ಹೀಬ್ರೂ, ಗ್ರೀಕ್‌ಗಳಲ್ಲಿ ಈ ತೊಡಕಿರಲಿಲ್ಲ. ಬೈಬಲಿನ ಭಾಷೆಯಲ್ಲಿ ಒಬ್ಬರಾದರೆ ಏಕವಚನ, ಹಲವರಾದರೆ ಬಹುವಚನ, ಎದುರಿಗಿರುವವನು ಅರಸನಾದರೂ ಆಳಾದರೂ ಸರಿಯೇ. ಕನ್ನಡಕ್ಕೆ ತರುವವರು ಮಾತ್ರ ಪ್ರತಿ ವಾಕ್ಯದಲ್ಲಿಯೂ ಒಂದು ತೀರ್ಮಾನ ಮಾಡಬೇಕಾಯಿತು. ನಮ್ಮ ಹಿರಿಯರು ಓದಿದ ಹಳೆಯ ‘ಸತ್ಯವೇದ’ವನ್ನು ತೆರೆದರೆ ಆದಿಕಾಂಡದ ಮೊದಲ ವಾಕ್ಯದಲ್ಲಿಯೇ ಒಂದು ಕುತೂಹಲವಿದೆ: ‘ದೇವರು’ ಎಂಬ ಪದ ರೂಪದಲ್ಲಿ ಬಹುವಚನ, ಅದರ ಕ್ರಿಯಾಪದ ಏಕವಚನ. ಸುವಾರ್ತೆಗಳಲ್ಲಿ ಪ್ರಭುವಿಗೂ ಏಕವಚನವೇ. ಆದರೆ ‘ಅವನು’ ಎನ್ನದೆ ‘ಆತನು’ ಎಂಬ ಪದವನ್ನು ಆರಿಸಿಕೊಂಡು, ಏಕವಚನದೊಳಗೇ ಒಂದು ಎತ್ತರದ ಪೀಠವನ್ನು ಅವರು ಮಾಡಿಕೊಟ್ಟರು. ಇತ್ತೀಚಿನ ಸರಳ ಕನ್ನಡದ ಅನುವಾದದಲ್ಲಿ ಯೇಸುಸ್ವಾಮಿಯವರಿಗೆ ಬಹುವಚನ ಬಂದಿದೆ. ಆದ್ದರಿಂದಲೇ ಇಂದು ಕೆಲವು ಸಭೆಗಳಲ್ಲಿ ಕರ್ತನ ಪ್ರಾರ್ಥನೆಯು ‘ನಿನ್ನ’ ಎಂದು ಕೇಳಿಸಿದರೆ ಕೆಲವು ಸಭೆಗಳಲ್ಲಿ ‘ನಿಮ್ಮ’ ಎಂದು ಕೇಳಿಸುತ್ತದೆ.

1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದ ಬಾಸೆಲ್ ಮಿಷನ್ನಿನವರ ಮಾತೃಭಾಷೆ ಜರ್ಮನ್. ಆ ಭಾಷೆಯಲ್ಲಿಯೂ ಅಪರಿಚಿತರಿಗೆ ಬಹುವಚನದ ಗೌರವ, ದೇವರಿಗೆ ಮಾತ್ರ ಮನೆಯವರಿಗೆ ಸಲ್ಲುವ ಏಕವಚನ. ವಚನಕಾರರೂ ತಮ್ಮ ದೇವರನ್ನು ಏಕವಚನದಲ್ಲಿಯೇ ಕರೆದರು. ಎರಡೂ ಕಡೆಯಿಂದ ಬಂದ ಈ ರೂಢಿ ನಮ್ಮ ಪ್ರಾರ್ಥನೆಯಲ್ಲಿ ಕೂಡಿದಂತಿದೆ. ಇಂಗ್ಲಿಷಿನ ಹಳೆಯ ಬೈಬಲಿನಲ್ಲಿ ಕಾಣುವ ‘ದೌ’ ಎಂಬ ಪದವನ್ನು ಅನೇಕರು ಬಹಳ ಭಕ್ತಿಯ ಪದವೆಂದು ತಿಳಿದಿದ್ದಾರೆ. ಅದು ನಮ್ಮ ‘ನೀನು’ವಿಗೆ ಸಮನಾದ ಸರಳ ಏಕವಚನ, ಬಳಕೆಯಿಂದ ಮರೆಯಾಗಿ, ಪ್ರಾರ್ಥನೆಯಲ್ಲಿ ಉಳಿದುಕೊಂಡಿದ್ದರಿಂದ ಭವ್ಯವಾಗಿ ಕೇಳಿಸುತ್ತದೆ. ದೇವರಿಗೆ ‘ನೀನು’ ಎನ್ನುವ ಅವ್ವನ ಪ್ರಾರ್ಥನೆಯಲ್ಲಿ ಅಗೌರವವಿಲ್ಲ, ‘ನೀವು’ ಎನ್ನುವವರ ಪ್ರಾರ್ಥನೆಯಲ್ಲಿ ದೂರವಿರಬೇಕೆಂದೇನೂ ಇಲ್ಲ. ಆದರೆ ದೇವರೊಡನೆ ‘ನೀನು’ ಎಂಬ ಸಲಿಗೆ ಪಡೆದ ನಾನು, ಹೊರಗೆ ಗೇಟಿನ ಬಳಿ ಬಂದು ಅದೇ ಪದವನ್ನು ಅಧಿಕಾರಕ್ಕಾಗಿ ಬಳಸಿದರೆ, ಅದು ಬೇರೆ ವಿಚಾರ.

ಈ ಅಸಮಾನತೆಯನ್ನು ಕಂಡು ಸಂಕಟಪಟ್ಟವರು ಹಿಂದೆಯೂ ಇದ್ದರು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಎಂಬವರ ಅನುಯಾಯಿಗಳಾದ ಕ್ವೇಕರರು, ದೊಡ್ಡವರಿಗೆ ಬಹುವಚನ ಕೊಡುವುದನ್ನೇ ನಿಲ್ಲಿಸಿ, ನ್ಯಾಯಾಧೀಶನಿಗೂ ಶ್ರೀಮಂತನಿಗೂ ಏಕವಚನವನ್ನೇ ಬಳಸಿದರು. ಅದಕ್ಕಾಗಿ ಬೈಗುಳ ತಿಂದರು, ಪೆಟ್ಟನ್ನೂ ತಿಂದರು. ಅವರು ಎಲ್ಲರನ್ನೂ ಕೆಳಗಿಳಿಸಿ ಸಮಮಾಡಲು ಹೊರಟರು. ಇಂಗ್ಲಿಷ್ ಭಾಷೆ ಮಾತ್ರ ಕೊನೆಗೆ ಎಲ್ಲರನ್ನೂ ಬಹುವಚನಕ್ಕೆ ಏರಿಸಿ ಸಮಮಾಡಿತು. ನಮ್ಮ ಸೀಮೆಯ ‘ರಿ’ಯಲ್ಲಿಯೂ ಈ ಎರಡನೆಯ ದಾರಿ ಇದೆ. ಅದು ಒಂದೇ ಅಕ್ಷರ. ಯಾರಿಗೆ ಹಚ್ಚಿದರೂ ಖರ್ಚಿಲ್ಲ.

ಆದರೆ ಅದು ಅಷ್ಟು ಸುಲಭವಲ್ಲವೆಂಬುದನ್ನು ನಾನು ಕಲಿಯಬೇಕಾಯಿತು. ಮೊಮ್ಮಗ ಊರಿಗೆ ಹೋದ ಮೇಲಿನ ಭಾನುವಾರ ನಾನು ಕಾವಲುಗಾರರಿಗೆ, “ಗೇಟ್ ತಗೀರಿ” ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿದರು, ಗೇಟು ತೆಗೆದರು, ಮಾತಾಡಲಿಲ್ಲ. ಮುಂದಿನ ಭಾನುವಾರವೂ ಹಾಗೆಯೇ ಆಯಿತು. ಆ ಸಂಜೆ ಅವರು ನಮ್ಮ ಮನೆಗೆ ಬಂದು, ಒಳಗೆ ಬರದೆ ಬಾಗಿಲಲ್ಲಿಯೇ ನಿಂತು, “ಸರ್ರ, ನನ್ನಿಂದ ಏನರ ತಪ್ಪಾಗೇತೇನ್ರಿ? ಎರಡು ವಾರದಿಂದ ನನಗ ‘ರಿ’ ಹಚ್ಚಾಕತ್ತೀರಿ” ಎಂದರು. ಅವರ ಕಣ್ಣಿನಲ್ಲಿ ನಿಜವಾದ ಅಂಜಿಕೆಯಿತ್ತು. ಕೆಲಸದಿಂದ ಬಿಡಿಸುವ ಮುನ್ಸೂಚನೆಯೆಂದು ಅವರು ತಿಳಿದಿದ್ದರು.

ನನ್ನ ಮಾಸ್ತರರು ಹೇಳಿದ್ದೇ ಸರಿ. ‘ಲೇ’ ಇದ್ದಲ್ಲಿ ಇದ್ದಕ್ಕಿದ್ದಂತೆ ‘ರಿ’ ಬಂದರೆ ಅದು ಗೌರವವಾಗಿ ತಲುಪುವುದಿಲ್ಲ, ದೂರವಾಗಿ ತಲುಪುತ್ತದೆ. ನಾನು ಅವರನ್ನು ಒಳಗೆ ಕರೆದು ಕುರ್ಚಿಯ ಮೇಲೆ ಕೂರಿಸಿ, ಮೊಮ್ಮಗ ಕೇಳಿದ್ದನ್ನೆಲ್ಲ ಹೇಳಿದೆ. ಅವರು ಜೋರಾಗಿ ನಕ್ಕು, “ಮೊದಲಿನಂಗ ಅನ್ರಿ ಸರ್ರ, ಅದs ಚಲೋ” ಎಂದರು. ಅದನ್ನು ಒಪ್ಪಿಕೊಂಡುಬಿಡುವುದು ನನಗೆ ಬಹಳ ಹಿತವಾಗುತ್ತಿತ್ತು. ಆದರೆ ಜೀವಮಾನವೆಲ್ಲ ಒಂದೇ ಪದವನ್ನು ಕೇಳಿದ ಕಿವಿಗೆ ಅದೇ ಹಿತವೆನಿಸಿದರೆ, ಆ ಹಿತಕ್ಕೆ ನಾನೇ ಕಾರಣನಲ್ಲವೇ? “ನಿಮ್ಮ ವಯಸ್ಸೆಷ್ಟು?” ಎಂದು ಕೇಳಿದೆ. ಲೆಕ್ಕ ಹಾಕಿದಾಗ ಅವರು ನನಗಿಂತ ನಾಲ್ಕು ವರ್ಷಕ್ಕೆ ಹಿರಿಯರು. ಹನ್ನೆರಡು ವರ್ಷ ಅವರು ನನಗೆ ಗೇಟು ತೆಗೆದಿದ್ದಾರೆ. ಅವರ ವಯಸ್ಸನ್ನು ನಾನು ಕೇಳಿದ್ದು ಅಂದೇ ಮೊದಲು.

ಅಂದಿನಿಂದ ನಾನು, “ಅಣ್ಣಾ, ಗೇಟ್ ತಗೀರಿ” ಎನ್ನುತ್ತಿದ್ದೇನೆ. ‘ರಿ’ ಒಂದನ್ನೇ ಹಚ್ಚಿದಾಗ ಹುಟ್ಟಿದ್ದ ದೂರವನ್ನು ‘ಅಣ್ಣಾ’ ತುಂಬಿತು. ‘ಅಣ್ಣಾ’ ಒಂದನ್ನೇ ಅಂದಿದ್ದರೆ ಉಳಿಯಬಹುದಾಗಿದ್ದ ಸಡಿಲವನ್ನು ‘ರಿ’ ಬಿಗಿಮಾಡಿತು. ನಮ್ಮ ಸೀಮೆಯವರು ‘ಅಕ್ಕಾರ’, ‘ಕಾಕಾರ’, ‘ಯಜಮಾನ್ರ’ ಎಂದು ಬಂಧುತ್ವಕ್ಕೂ ಹಿರಿತನಕ್ಕೂ ಬಹುವಚನವನ್ನು ಹೆಣೆದು ಕರೆಯುವುದರ ಜಾಣತನ ನನಗೆ ಆಗ ತಿಳಿಯಿತು. ಎರಡು ತಿಂಗಳು ಅವರಿಗೂ ನನಗೂ ಆ ಮಾತು ಬಾಯಲ್ಲಿ ತೊಡರುತ್ತಿತ್ತು. ಈಗ ರೂಢಿಯಾಗಿದೆ. ಅವರು ನನಗೆ ಇಂದಿಗೂ ‘ಸರ್ರ’ ಎಂದೇ ಅನ್ನುತ್ತಾರೆ. ಆ ಪದವನ್ನು ಅವರ ಬಾಯಿಂದ ಬಿಡಿಸುವ ಹಕ್ಕು ನನಗಿಲ್ಲ.

ದಸರೆಯ ರಜೆಗೆ ಮೊಮ್ಮಗ ಮತ್ತೆ ಬಂದಿದ್ದ. ಭಾನುವಾರ ನೇರವಾಗಿ ಗೇಟಿನ ಬಳಿಗೆ ಹೋಗಿ, ಒಂದು ಕ್ಷಣ ತಡೆದು, “ಅಜ್ಜಾ, ನೀವು ಊಟ ಮಾಡಿದ್ರಾ?” ಎಂದು ಕೇಳಿದ. ಅವರು ಸ್ಟೂಲಿನ ಮೇಲೆ ಸರಿದು ಅವನಿಗೆ ಜಾಗ ಮಾಡಿಕೊಟ್ಟು, “ಆತೋ ತಮ್ಮಾ. ಬಾರಪಾ, ಕುಂದರು” ಎಂದರು. ಹುಡುಗ ‘ಸಣ್ಣ ಸಾಹೇಬ’ನ ಪದವಿಯಿಂದ ಇಳಿದಿದ್ದ. ಆ ಏಕವಚನ ಅವನಿಗೆ ಬಹಳ ಇಷ್ಟವಾದಂತೆ ಕಂಡಿತು. ಹೋಗಿ ಅವರ ಮಗ್ಗುಲಲ್ಲಿ ಕುಳಿತ.

ಓದುಗರೇ, ಮುಂದಿನ ಭಾನುವಾರ ನಿಮ್ಮ ದೇವಾಲಯದ ಗೇಟನ್ನು ದಾಟುವಾಗ, ಅಲ್ಲಿ ಕುಳಿತವರಿಗೆ ನೀವು ಏನನ್ನುತ್ತೀರಿ, ಅವರು ತಿರುಗಿ ಏನನ್ನುತ್ತಾರೆ ಎಂಬುದನ್ನು ಒಮ್ಮೆ ಕಿವಿಗೊಟ್ಟು ಕೇಳಿರಿ. ಅವರ ವಯಸ್ಸು ನಿಮಗೆ ಗೊತ್ತಿರದಿದ್ದರೆ, ಮೊದಲು ಅದನ್ನೇ ಕೇಳಿರಿ.